ಇನ್ಸರ್ಶನ್ ಸಾರ್ಟ್‌ನ ಸಮಯ ಸಂಕೀರ್ಣತೆ: ಅತ್ಯುತ್ತಮ ಸಂದರ್ಭ ಮತ್ತು ಅತಿ ಕೆಟ್ಟ ಸಂದರ್ಭ

ಇನ್ಸರ್ಶನ್ ಸಾರ್ಟ್ ಎಂಬುದು ಪಟ್ಟಿಯೊಂದರ ಅಂಶಗಳನ್ನು ಒಂದೊಂದಾಗಿ ಎತ್ತಿಕೊಂಡು, ಅದಾಗಲೇ ಕ್ರಮಗೊಂಡಿರುವ ಭಾಗದಲ್ಲಿ ತಕ್ಕ ಸ್ಥಾನಕ್ಕೆ ಸೇರಿಸುತ್ತ ಹೋಗುವ ವಿಂಗಡಣಾ ಕ್ರಮವಿಧಿಯಾಗಿದೆ. ಇದರ ಸಮಯ ಸಂಕೀರ್ಣತೆಯನ್ನು ಕೇಳುವ ಪ್ರಶ್ನೆಗಳಿಗೆ O(n) ಮತ್ತು O(n²) ಎಂಬ ಎರಡು ಉತ್ತರಗಳು ಪ್ರಚಲಿತದಲ್ಲಿವೆ. ಮೊದಲನೆಯದು ಪಟ್ಟಿಯು ಮುಂಚಿತವಾಗಿಯೇ ಕ್ರಮದಲ್ಲಿ ಅಥವಾ ಬಹುಮಟ್ಟಿಗೆ ಕ್ರಮದಲ್ಲಿದ್ದಾಗ ಮಾತ್ರ ಲಭಿಸುವ ಅತ್ಯುತ್ತಮ ಸಂದರ್ಭದ ಅಳತೆ. ಎರಡನೆಯದು ಅತಿ ಕೆಟ್ಟ ಸಂದರ್ಭದ ಅಳತೆ. ತರಗತಿಗಳಲ್ಲಿ ಇವು ಬೆಸ್ಟ್ ಕೇಸ್ ಮತ್ತು ವರ್ಸ್ಟ್ ಕೇಸ್ ಎಂಬ ಹೆಸರುಗಳಿಂದಲೇ ಪರಿಚಿತವಾಗಿವೆ. ಸಂದರ್ಭವನ್ನು ಹೆಸರಿಸದೆ ಕೇಳಿದ ಪ್ರಶ್ನೆಗೆ ಅತ್ಯುತ್ತಮ ಸಂದರ್ಭದ ಉತ್ತರವನ್ನು ನೀಡುವುದು ಈ ವಿಷಯದಲ್ಲಿ ಸಾಮಾನ್ಯವಾಗಿ ಕಂಡುಬರುವ ತಪ್ಪಾಗಿದೆ.

## ಕಾರ್ಯವಿಧಾನ

ಪಟ್ಟಿಯ ಮೊದಲ ಅಂಶವನ್ನು ತನ್ನಷ್ಟಕ್ಕೆ ಕ್ರಮದಲ್ಲಿರುವ ಒಂದು ಚಿಕ್ಕ ಪಟ್ಟಿಯೆಂದು ಭಾವಿಸಲಾಗುತ್ತದೆ. ಎರಡನೆಯ ಅಂಶದಿಂದ ಆರಂಭಿಸಿ ಪ್ರತಿಯೊಂದನ್ನೂ ಅದರ ಎಡಬದಿಯ ಅಂಶಗಳೊಡನೆ ಬಲದಿಂದ ಎಡಕ್ಕೆ ಹೋಲಿಸಲಾಗುತ್ತದೆ. ತನಗಿಂತ ದೊಡ್ಡದಾದ ಅಂಶ ಎದುರಾದಾಗ ಅದನ್ನು ಒಂದು ಸ್ಥಾನ ಬಲಕ್ಕೆ ಸರಿಸಲಾಗುತ್ತದೆ. ತನಗಿಂತ ದೊಡ್ಡದಲ್ಲದ ಅಂಶ ಸಿಕ್ಕ ಕೂಡಲೇ, ಅಥವಾ ಪಟ್ಟಿಯ ಎಡತುದಿ ಬಂದಾಗ, ಹೋಲಿಕೆಯು ನಿಲ್ಲುತ್ತದೆ ಮತ್ತು ಎತ್ತಿಕೊಂಡ ಅಂಶವು ಅಲ್ಲಿ ನೆಲೆಗೊಳ್ಳುತ್ತದೆ. ಪೈಥಾನ್ ಭಾಷೆಯಲ್ಲಿ ಇದನ್ನು ಹೀಗೆ ಬರೆಯಬಹುದು:

```python
def insertion_sort(a):
    for i in range(1, len(a)):
        x = a[i]
        j = i - 1
        while j >= 0 and a[j] > x:
            a[j + 1] = a[j]
            j = j - 1
        a[j + 1] = x
```

ಇಲ್ಲಿ ಹೊರಗಿನ `for` ಆವರ್ತನೆಯು ಪಟ್ಟಿ ಹೇಗೇ ಇರಲಿ, n−1 ಬಾರಿ ನಡೆಯುತ್ತದೆ. ಒಳಗಿನ `while` ಆವರ್ತನೆ ಎಷ್ಟು ಬಾರಿ ನಡೆಯುತ್ತದೆ ಎಂಬುದು ಮಾತ್ರ ಪಟ್ಟಿಯ ಆರಂಭಿಕ ಕ್ರಮವನ್ನು ಅವಲಂಬಿಸಿರುತ್ತದೆ. ಒಂದೇ ಕ್ರಮವಿಧಿಗೆ ಎರಡು ಬೇರೆ ಬೇರೆ ಉತ್ತರಗಳು ದೊರೆಯುವುದಕ್ಕೆ ಈ ಒಳ ಆವರ್ತನೆಯೇ ಕಾರಣ.

## ನಾಲ್ಕು ಹೆಸರುಗಳ ಉದಾಹರಣೆ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಹೆಸರುಗಳನ್ನು ಕನ್ನಡ ವರ್ಣಮಾಲೆಯ ಕ್ರಮಕ್ಕೆ ತರಬೇಕಾಗಿದೆ ಎಂದಿಟ್ಟುಕೊಳ್ಳಬಹುದು. ಮೊದಲ ಅಕ್ಷರಗಳು ಕ್ರಮವಾಗಿ ಬ, ಕ, ಸ ಮತ್ತು ರ ಆಗಿರುವುದರಿಂದ ಅಂತಿಮ ಪಟ್ಟಿಯು ಕಿತ್ತೂರು, ಬೈಲಹೊಂಗಲ, ರಾಮದುರ್ಗ, ಸವದತ್ತಿ ಎಂದಾಗಬೇಕು. ಯೂನಿಕೋಡ್‌ನಲ್ಲಿಯೂ ಈ ನಾಲ್ಕು ವ್ಯಂಜನಗಳು ಇದೇ ಕ್ರಮದಲ್ಲಿರುವುದರಿಂದ ಮೇಲಿನ ಕ್ರಮವಿಧಿಯು ಯಾವ ಬದಲಾವಣೆಯೂ ಇಲ್ಲದೆ ಈ ಹೆಸರುಗಳನ್ನು ಸರಿಯಾಗಿ ವಿಂಗಡಿಸುತ್ತದೆ.

ಹೆಸರುಗಳನ್ನು ಮೇಲೆ ಹೇಳಿದ ಕ್ರಮದಲ್ಲಿಯೇ ನೀಡಿದಾಗ, ಮೊದಲು ಕಿತ್ತೂರನ್ನು ಎತ್ತಿಕೊಂಡು ಬೈಲಹೊಂಗಲದೊಡನೆ ಹೋಲಿಸಲಾಗುತ್ತದೆ. ಬೈಲಹೊಂಗಲವು ಒಂದು ಸ್ಥಾನ ಸರಿದು, ಕಿತ್ತೂರು ಮೊದಲ ಸ್ಥಾನಕ್ಕೆ ಬರುತ್ತದೆ. ಇಲ್ಲಿಗೆ ಒಂದು ಹೋಲಿಕೆ. ಅನಂತರ ಸವದತ್ತಿಯನ್ನು ಬೈಲಹೊಂಗಲದೊಡನೆ ಹೋಲಿಸಿದಾಗ ಅದು ಇದ್ದಲ್ಲಿಯೇ ಇರಬೇಕೆಂದು ತಿಳಿಯುತ್ತದೆ. ಇದು ಎರಡನೆಯ ಹೋಲಿಕೆ. ಕೊನೆಯಲ್ಲಿ ರಾಮದುರ್ಗವನ್ನು ಸವದತ್ತಿಯೊಡನೆ ಹೋಲಿಸಿ ಸವದತ್ತಿಯನ್ನು ಬಲಕ್ಕೆ ಸರಿಸಲಾಗುತ್ತದೆ. ಮುಂದೆ ಬೈಲಹೊಂಗಲದೊಡನೆ ಹೋಲಿಸಿದಾಗ ಹುಡುಕಾಟವು ನಿಲ್ಲುತ್ತದೆ. ಒಟ್ಟು ಹೋಲಿಕೆಗಳು 4. ಸರಿಸಿದ ಬಾರಿಗಳು 2.

ಅದೇ ಹೆಸರುಗಳನ್ನು ವರ್ಣಮಾಲೆಯ ಕ್ರಮದಲ್ಲಿಯೇ ನೀಡಿದರೆ, ಪ್ರತಿಯೊಂದು ಹೆಸರೂ ತನ್ನ ಎಡಬದಿಯ ನೆರೆಯ ಹೆಸರಿನೊಡನೆ ಒಮ್ಮೆ ಮಾತ್ರ ಹೋಲಿಕೆಗೊಂಡು ಅಲ್ಲಿಯೇ ನಿಲ್ಲುತ್ತದೆ. ಹೋಲಿಕೆಗಳು 3, ಸರಿಸುವ ಕೆಲಸವಿಲ್ಲ. ಸವದತ್ತಿ, ರಾಮದುರ್ಗ, ಬೈಲಹೊಂಗಲ, ಕಿತ್ತೂರು ಎಂಬ ತಲೆಕೆಳಗಾದ ಕ್ರಮದಲ್ಲಿ ನೀಡಿದರೆ ಪ್ರತಿಯೊಂದು ಹೆಸರೂ ಎಡತುದಿಯವರೆಗೆ ಸಾಗಬೇಕಾಗುತ್ತದೆ. ರಾಮದುರ್ಗಕ್ಕೆ 1, ಬೈಲಹೊಂಗಲಕ್ಕೆ 2, ಕಿತ್ತೂರಿಗೆ 3 ಹೋಲಿಕೆಗಳಾಗಿ ಒಟ್ಟು 6 ಹೋಲಿಕೆಗಳೂ 6 ಬಾರಿ ಸರಿಸುವಿಕೆಯೂ ನಡೆಯುತ್ತವೆ.

ಹೀಗೆ ಒಂದೇ ನಾಲ್ಕು ಹೆಸರುಗಳಿಗೆ 3, 4 ಮತ್ತು 6 ಎಂಬ ಮೂರು ಲೆಕ್ಕಗಳು ದೊರೆಯುತ್ತವೆ. ಇವುಗಳಲ್ಲಿ ಹೆಸರುಗಳ ಸಂಖ್ಯೆ ಬದಲಾಗಲಿಲ್ಲ. ಅವು ಬಂದ ಕ್ರಮ ಮಾತ್ರ ಬದಲಾಯಿತು. ಅತ್ಯುತ್ತಮ ಸಂದರ್ಭವೆಂದರೆ ಚಿಕ್ಕ ಪಟ್ಟಿ, ಅತಿ ಕೆಟ್ಟ ಸಂದರ್ಭವೆಂದರೆ ದೊಡ್ಡ ಪಟ್ಟಿ ಎಂಬ ತಿಳಿವಳಿಕೆಯು ಈ ಕಾರಣದಿಂದ ಸರಿಯಲ್ಲ. ಸಂದರ್ಭಗಳ ಹೋಲಿಕೆಯನ್ನು ಯಾವಾಗಲೂ n ಅನ್ನು ಸ್ಥಿರವಾಗಿರಿಸಿಯೇ ಮಾಡಲಾಗುತ್ತದೆ.

## ಸಾಮಾನ್ಯ ಲೆಕ್ಕ

n ಅಂಶಗಳಿರುವ ಪಟ್ಟಿಗೆ ಅತ್ಯುತ್ತಮ ಸಂದರ್ಭದಲ್ಲಿ n−1 ಹೋಲಿಕೆಗಳು ಸಾಕು. ಅತಿ ಕೆಟ್ಟ ಸಂದರ್ಭದಲ್ಲಿ 1 + 2 + … + (n−1), ಅಂದರೆ n(n−1)/2 ಹೋಲಿಕೆಗಳು ಬೇಕಾಗುತ್ತವೆ. ಮೊದಲನೆಯದು n ಹೆಚ್ಚಿದಂತೆ ಅದೇ ಪ್ರಮಾಣದಲ್ಲಿ ಬೆಳೆಯುತ್ತದೆ. ಎರಡನೆಯದು n ನ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ನಾಲ್ಕು ಹೆಸರುಗಳಿದ್ದಾಗ 3 ಮತ್ತು 6ರ ನಡುವಿನ ಅಂತರ ಗಮನಕ್ಕೆ ಬಾರದಷ್ಟು ಚಿಕ್ಕದು. ಆದರೆ 10,000 ಹೆಸರುಗಳಿದ್ದಾಗ ಈ ಎರಡು ಸಂಖ್ಯೆಗಳು 9,999 ಮತ್ತು 4,99,95,000 ಆಗುತ್ತವೆ. ಅತ್ಯುತ್ತಮ ಸಂದರ್ಭದ ಉತ್ತರವನ್ನು ನಂಬಿ ಕ್ರಮವಿಧಿಯನ್ನು ಆರಿಸಿಕೊಂಡವರ ಅಂದಾಜು ಇಲ್ಲಿ 5,000 ಪಟ್ಟು ತಪ್ಪಾಗುತ್ತದೆ.

ಅತ್ಯುತ್ತಮ ಸಂದರ್ಭವು ಎಷ್ಟು ವಿರಳ ಎಂಬುದನ್ನೂ ಎಣಿಸಿ ನೋಡಬಹುದು. ನಾಲ್ಕು ಹೆಸರುಗಳನ್ನು 24 ರೀತಿಯಲ್ಲಿ ಜೋಡಿಸಬಹುದು. ಅವುಗಳಲ್ಲಿ 3 ಹೋಲಿಕೆಗಳಲ್ಲಿ ಮುಗಿಯುವ ಜೋಡಣೆಗಳು ಎರಡು ಮಾತ್ರ: ಪೂರ್ಣವಾಗಿ ಕ್ರಮದಲ್ಲಿರುವುದು ಒಂದು, ಮೊದಲ ಎರಡು ಹೆಸರುಗಳಷ್ಟೇ ಅದಲುಬದಲಾಗಿರುವುದು ಇನ್ನೊಂದು. 6 ಹೋಲಿಕೆಗಳನ್ನು ಬೇಡುವ ಜೋಡಣೆಗಳು 8. ಎಲ್ಲ 24 ಜೋಡಣೆಗಳ ಹೋಲಿಕೆಗಳನ್ನು ಕೂಡಿದರೆ 118 ಆಗುತ್ತದೆ. ಸರಾಸರಿ ಸುಮಾರು 4.9. ಹೆಸರುಗಳ ಸಂಖ್ಯೆ 10ಕ್ಕೆ ಏರಿದಾಗ ಒಟ್ಟು 36,28,800 ಜೋಡಣೆಗಳಿರುತ್ತವೆ. ಅತ್ಯುತ್ತಮ ಸಂದರ್ಭಕ್ಕೆ ಸೇರುವವು ಆಗಲೂ ಎರಡೇ. n ದೊಡ್ಡದಾದಂತೆ ಸರಾಸರಿ ಹೋಲಿಕೆಗಳ ಸಂಖ್ಯೆ ಸುಮಾರು n²/4 ಆಗುತ್ತದೆ, ಅಂದರೆ ಸರಾಸರಿಯೂ ವರ್ಗದ ಪ್ರಮಾಣದಲ್ಲಿಯೇ ಬೆಳೆಯುತ್ತದೆ. ಆದ್ದರಿಂದ O(n) ಎಂಬ ಉತ್ತರವು ಸಾಮಾನ್ಯವಾಗಿ ನಡೆಯುವುದನ್ನು ಸಹ ಸೂಚಿಸುವುದಿಲ್ಲ.

## ಸಂಕೇತ ಮತ್ತು ಸಂದರ್ಭ

ಈ ಗೊಂದಲಕ್ಕೆ ಒಂದು ಮುಖ್ಯ ಕಾರಣವೆಂದರೆ O, Ω ಮತ್ತು Θ ಸಂಕೇತಗಳನ್ನು ಸಂದರ್ಭಗಳ ಹೆಸರುಗಳೆಂದು ಭಾವಿಸುವುದು. O ಎಂದರೆ ಅತಿ ಕೆಟ್ಟ ಸಂದರ್ಭ, Ω ಎಂದರೆ ಅತ್ಯುತ್ತಮ ಸಂದರ್ಭ, Θ ಎಂದರೆ ಸರಾಸರಿ ಸಂದರ್ಭ ಎಂಬ ಸೂತ್ರವನ್ನು ಅನೇಕ ವಿದ್ಯಾರ್ಥಿಗಳು ಬಾಯಿಪಾಠ ಮಾಡಿರುತ್ತಾರೆ. ಈ ಸೂತ್ರ ತಪ್ಪು.

O ಸಂಕೇತವನ್ನು ಜರ್ಮನ್ ಗಣಿತಜ್ಞ ಪಾಲ್ ಬಾಕ್‌ಮನ್ 1894ರಲ್ಲಿ ಸಂಖ್ಯಾಸಿದ್ಧಾಂತದ ಕೃತಿಯಲ್ಲಿ ಬಳಸಿದರು. ಆಗ ವಿದ್ಯುನ್ಮಾನ ಗಣಕಗಳೂ ಇರಲಿಲ್ಲ, ಅವುಗಳ ಕ್ರಮವಿಧಿಗಳ ಸಂದರ್ಭಗಳೂ ಇರಲಿಲ್ಲ. 1976ರಲ್ಲಿ ಡೊನಾಲ್ಡ್ ಕ್ನೂತ್ ಗಣಕ ವಿಜ್ಞಾನದಲ್ಲಿ O, Ω ಮತ್ತು Θ ಸಂಕೇತಗಳನ್ನು ಹೇಗೆ ಬಳಸಬೇಕೆಂದು ವಿವರಿಸಿದರು. ಈ ಮೂರೂ ಸಂಕೇತಗಳು ಯಾವುದೇ ಒಂದು ಗಣಿತ ಫಲನದ ಬೆಳವಣಿಗೆಯನ್ನು ವರ್ಣಿಸುತ್ತವೆ: O ಅದರ ಮೇಲ್ಮಿತಿಯನ್ನು, Ω ಅದರ ಕೆಳಮಿತಿಯನ್ನು, Θ ಎರಡೂ ಕಡೆಯಿಂದ ಬಿಗಿಯಾದ ಮಿತಿಯನ್ನು ತಿಳಿಸುತ್ತವೆ.

ಅತ್ಯುತ್ತಮ ಸಂದರ್ಭದ ಹೋಲಿಕೆಗಳ ಸಂಖ್ಯೆಯು n ನ ಒಂದು ಫಲನ. ಅತಿ ಕೆಟ್ಟ ಸಂದರ್ಭದ್ದು ಇನ್ನೊಂದು ಫಲನ. ಮೊದಲು ಯಾವ ಫಲನವನ್ನು ಕುರಿತು ಮಾತನಾಡುತ್ತಿದ್ದೇವೆ ಎಂಬುದನ್ನು ನಿರ್ಧರಿಸಬೇಕು, ಆಮೇಲೆ ಅದಕ್ಕೆ ಸಂಕೇತವನ್ನು ಹಚ್ಚಬೇಕು. ಇನ್ಸರ್ಶನ್ ಸಾರ್ಟ್‌ನ ಅತ್ಯುತ್ತಮ ಸಂದರ್ಭ Θ(n), ಅತಿ ಕೆಟ್ಟ ಸಂದರ್ಭ Θ(n²) ಎನ್ನುವುದು ಪೂರ್ಣವಾದ ಮತ್ತು ನಿಖರವಾದ ಹೇಳಿಕೆ. ಅತ್ಯುತ್ತಮ ಸಂದರ್ಭ O(n) ಎಂದು ಬರೆದರೂ ತಪ್ಪಾಗುವುದಿಲ್ಲ, ಏಕೆಂದರೆ ಆ ಫಲನಕ್ಕೂ ಮೇಲ್ಮಿತಿಯಿರುತ್ತದೆ. ಹೀಗಾಗಿ ಉತ್ತರದಲ್ಲಿ O ಅಕ್ಷರವಿದೆ ಎಂಬ ಕಾರಣಕ್ಕೆ ಅದು ಅತಿ ಕೆಟ್ಟ ಸಂದರ್ಭವನ್ನೇ ಹೇಳುತ್ತಿದೆ ಎಂದು ತೀರ್ಮಾನಿಸಲಾಗದು.

## ಸಂದರ್ಭವನ್ನು ಹೆಸರಿಸದ ಪ್ರಶ್ನೆ

ಬಹು ಆಯ್ಕೆಯ ಪ್ರಶ್ನೆಗಳು ಹಲವು ಬಾರಿ “ಇನ್ಸರ್ಶನ್ ಸಾರ್ಟ್‌ನ ಸಮಯ ಸಂಕೀರ್ಣತೆ ಎಷ್ಟು?” ಎಂದಷ್ಟೇ ಕೇಳಿ, O(log n), O(n), O(n log n) ಮತ್ತು O(n²) ಎಂಬ ನಾಲ್ಕು ಆಯ್ಕೆಗಳನ್ನು ನೀಡುತ್ತವೆ. ಇಂತಹ ಪ್ರಶ್ನೆಗೆ O(n) ಅನ್ನು ಸರಿಯುತ್ತರವೆಂದು ಗುರುತಿಸಿದರೆ ಅತ್ಯುತ್ತಮ ಸಂದರ್ಭವು ಅತಿ ಕೆಟ್ಟ ಸಂದರ್ಭದ ಸ್ಥಾನವನ್ನು ಆಕ್ರಮಿಸಿದಂತಾಗುತ್ತದೆ.

ಇಲ್ಲಿ O(n²) ಸರಿಯಾಗುವುದು ರೂಢಿಯ ಬಲದಿಂದ ಮಾತ್ರವಲ್ಲ. ಸಂದರ್ಭವನ್ನು ಹೆಸರಿಸದೆ ಮೇಲ್ಮಿತಿಯನ್ನು ಹೇಳಿದಾಗ ಆ ಮಾತು n ಅಂಶಗಳ ಪ್ರತಿಯೊಂದು ಪಟ್ಟಿಗೂ ಅನ್ವಯಿಸಬೇಕು. ಇನ್ಸರ್ಶನ್ ಸಾರ್ಟ್ ಯಾವ ಪಟ್ಟಿಯ ಮೇಲೂ n² ನ ಪ್ರಮಾಣವನ್ನು ಮೀರುವುದಿಲ್ಲ. ಆದ್ದರಿಂದ O(n²) ಎಲ್ಲ ಪಟ್ಟಿಗಳಿಗೂ ಸತ್ಯ. O(n) ಎಂಬುದು ಕ್ರಮದಲ್ಲಿರುವ ಅಥವಾ ಬಹುಮಟ್ಟಿಗೆ ಕ್ರಮದಲ್ಲಿರುವ ಪಟ್ಟಿಗಳಿಗೆ ಸತ್ಯ, ತಲೆಕೆಳಗಾದ ಪಟ್ಟಿಗೆ ಅಸತ್ಯ. ಒಂದೇ ಒಂದು ಪ್ರತಿ ಉದಾಹರಣೆಯಿಂದ ಸಾರ್ವತ್ರಿಕ ಹೇಳಿಕೆ ಬಿದ್ದುಹೋಗುವುದರಿಂದ, ಉತ್ತರಪಟ್ಟಿಯಲ್ಲಿ ಸಂದೇಹ ಮೂಡಿದಾಗ ತಲೆಕೆಳಗಾದ ನಾಲ್ಕೈದು ಅಂಶಗಳನ್ನು ಕಾಗದದ ಮೇಲೆ ವಿಂಗಡಿಸಿ ಹೋಲಿಕೆಗಳನ್ನು ಎಣಿಸುವುದು ಸಾಕಾಗುತ್ತದೆ. 4 ಅಂಶಗಳಿಗೆ 6, 5 ಅಂಶಗಳಿಗೆ 10, 6 ಅಂಶಗಳಿಗೆ 15 ಎಂಬ ಏರಿಕೆಯು ರೇಖೀಯವಲ್ಲ ಎಂಬುದು ಅಲ್ಲಿಯೇ ಗೋಚರಿಸುತ್ತದೆ.

ಆಯ್ಕೆಗಳಲ್ಲಿ Θ(n²) ಇದ್ದು ಸಂದರ್ಭವನ್ನು ಹೆಸರಿಸದಿದ್ದರೆ ಪ್ರಶ್ನೆಯೇ ಅಪೂರ್ಣವಾಗುತ್ತದೆ. Θ ಎರಡೂ ಕಡೆಯ ಮಿತಿಯಾದುದರಿಂದ, ಕ್ರಮದಲ್ಲಿರುವ ಪಟ್ಟಿಯು ಆ ಹೇಳಿಕೆಗೆ ಕೆಳಗಿನಿಂದ ಪ್ರತಿ ಉದಾಹರಣೆಯಾಗುತ್ತದೆ. ಪ್ರಶ್ನೆಯಲ್ಲಿ “ಅತಿ ಕೆಟ್ಟ ಸಂದರ್ಭದಲ್ಲಿ” ಎಂಬ ಮಾತು ಸೇರಿದರೆ ಈ ದೋಷ ನಿವಾರಣೆಯಾಗುತ್ತದೆ.

## 2003ರ ಗೇಟ್ ಪ್ರಶ್ನೆ

ಸಂದರ್ಭವನ್ನು ಸ್ಪಷ್ಟವಾಗಿ ಹೆಸರಿಸಿದ ಪ್ರಶ್ನೆಗೆ 2003ರ ಗೇಟ್ ಪರೀಕ್ಷೆಯ ಗಣಕ ವಿಜ್ಞಾನ ಪತ್ರಿಕೆಯಲ್ಲಿ ಉತ್ತಮ ನಿದರ್ಶನ ದೊರೆಯುತ್ತದೆ. ಇನ್ಸರ್ಶನ್ ಸಾರ್ಟ್‌ನಲ್ಲಿ ಹೊಸ ಅಂಶದ ಸ್ಥಾನವನ್ನು ಸಾಲಾಗಿ ಹುಡುಕುವುದರ ಬದಲು ಬೈನರಿ ಸರ್ಚ್ ಮೂಲಕ ಹುಡುಕಿದರೆ ಅತಿ ಕೆಟ್ಟ ಸಂದರ್ಭದ ಸಮಯ ಏನಾಗುತ್ತದೆ ಎಂದು ಅಲ್ಲಿ ಕೇಳಲಾಗಿತ್ತು. ಅದು Θ(n²) ಆಗಿಯೇ ಉಳಿಯುತ್ತದೆ ಎಂಬುದು ಉತ್ತರ.

ಬೈನರಿ ಸರ್ಚ್ ಪ್ರತಿ ಹುಡುಕಾಟದಲ್ಲಿಯೂ ಕ್ರಮಗೊಂಡ ಭಾಗದ ನಡುವಿನ ಅಂಶವನ್ನು ನೋಡಿ ಅರ್ಧ ಭಾಗವನ್ನು ಬಿಟ್ಟುಬಿಡುವುದರಿಂದ ಒಟ್ಟು ಹೋಲಿಕೆಗಳು n log n ಪ್ರಮಾಣಕ್ಕೆ ಇಳಿಯುತ್ತವೆ. ಆದರೆ ಸ್ಥಾನವು ಬೇಗನೆ ಸಿಕ್ಕಿದರೂ, ಅಲ್ಲಿ ಜಾಗ ಮಾಡಲು ಬಲಬದಿಯ ಅಂಶಗಳನ್ನು ಒಂದೊಂದಾಗಿ ಸರಿಸಲೇಬೇಕು. ತಲೆಕೆಳಗಾದ ಪಟ್ಟಿಯಲ್ಲಿ ಈ ಸರಿಸುವಿಕೆಯು n(n−1)/2 ಬಾರಿ ನಡೆಯುತ್ತದೆ. ಹೋಲಿಕೆಗಳನ್ನು ಮಾತ್ರ ಎಣಿಸಿದವರು n log n ಎಂಬ ಆಯ್ಕೆಯ ಕಡೆಗೆ ವಾಲುತ್ತಾರೆ.

ಈ ಮಾರ್ಪಾಡು ಅತ್ಯುತ್ತಮ ಸಂದರ್ಭವನ್ನು ಸುಧಾರಿಸುವುದೂ ಇಲ್ಲ. ಸಾಮಾನ್ಯ ವಿಧಾನದಲ್ಲಿ, ಕ್ರಮದಲ್ಲಿರುವ ಪಟ್ಟಿಯ ಪ್ರತಿ ಅಂಶವೂ ಒಂದೇ ಹೋಲಿಕೆಯಲ್ಲಿ ನಿಲ್ಲುತ್ತಿತ್ತು. ಬೈನರಿ ಸರ್ಚ್ ನಡುವಿನಿಂದ ಆರಂಭಿಸುವುದರಿಂದ ಅಲ್ಲಿಯೂ ಸುಮಾರು log n ಹೋಲಿಕೆಗಳನ್ನು ಮಾಡುತ್ತದೆ. ಹೀಗೆ ಅತಿ ಕೆಟ್ಟ ಸಂದರ್ಭ n² ನಲ್ಲಿಯೇ ಉಳಿದು, ಅತ್ಯುತ್ತಮ ಸಂದರ್ಭ n ನಿಂದ n log n ಗೆ ಏರುತ್ತದೆ. ಒಂದು ಸಂದರ್ಭದ ಉತ್ತರವನ್ನು ತಿಳಿದಮಾತ್ರಕ್ಕೆ ಇನ್ನೊಂದನ್ನು ಊಹಿಸಲಾಗದು ಎಂಬುದಕ್ಕೆ ಇದು ಉದಾಹರಣೆ.

## ಇತರ ವಿಧಾನಗಳಲ್ಲಿ

ಕ್ರಮದಲ್ಲಿರುವ ಪಟ್ಟಿಯೇ ಎಲ್ಲ ವಿಧಾನಗಳಿಗೂ ಅತ್ಯುತ್ತಮ ಸಂದರ್ಭವೆಂದು ಭಾವಿಸುವುದು ಮತ್ತೊಂದು ಸಾಮಾನ್ಯ ತಪ್ಪು. ಕೆಳಗಿನ ಕೋಷ್ಟಕವು ಪರಿಚಿತ ವಿಧಾನಗಳ ಎರಡು ಸಂದರ್ಭಗಳನ್ನು ತೋರಿಸುತ್ತದೆ.

| ವಿಧಾನ | ಅತ್ಯುತ್ತಮ ಸಂದರ್ಭ | ಅತಿ ಕೆಟ್ಟ ಸಂದರ್ಭ |
|---|---|---|
| ಇನ್ಸರ್ಶನ್ ಸಾರ್ಟ್ | Θ(n) | Θ(n²) |
| ಬಬಲ್ ಸಾರ್ಟ್, ಅದಲುಬದಲಿನ ಗುರುತಿನೊಡನೆ | Θ(n) | Θ(n²) |
| ಬಬಲ್ ಸಾರ್ಟ್, ಗುರುತಿಲ್ಲದೆ | Θ(n²) | Θ(n²) |
| ಸೆಲೆಕ್ಷನ್ ಸಾರ್ಟ್ | Θ(n²) | Θ(n²) |
| ಮರ್ಜ್ ಸಾರ್ಟ್ | Θ(n log n) | Θ(n log n) |
| ಕ್ವಿಕ್ ಸಾರ್ಟ್ | Θ(n log n) | Θ(n²) |

ಬಬಲ್ ಸಾರ್ಟ್‌ನ ಅತ್ಯುತ್ತಮ ಸಂದರ್ಭ O(n) ಎಂಬ ಮಾತು ಒಂದು ಷರತ್ತಿಗೆ ಒಳಪಟ್ಟಿದೆ. ಒಂದು ಸುತ್ತಿನಲ್ಲಿ ಯಾವ ಅದಲುಬದಲೂ ನಡೆಯದಿದ್ದರೆ ಅಲ್ಲಿಗೆ ನಿಲ್ಲಿಸುವಂತೆ ಕ್ರಮವಿಧಿಯಲ್ಲಿ ಗುರುತೊಂದನ್ನು ಇರಿಸಿರಬೇಕು. ಎರಡು `for` ಆವರ್ತನೆಗಳನ್ನು ಮಾತ್ರ ಹೊಂದಿರುವ ಸರಳ ರೂಪವು ಕ್ರಮದಲ್ಲಿರುವ ಪಟ್ಟಿಗೂ n(n−1)/2 ಹೋಲಿಕೆಗಳನ್ನೇ ಮಾಡುತ್ತದೆ. ಆದ್ದರಿಂದ ಪ್ರಶ್ನೆಯೊಡನೆ ಕೋಡ್ ನೀಡಿದ್ದರೆ ಹೆಸರನ್ನು ನೋಡಿ ಉತ್ತರಿಸುವುದಕ್ಕಿಂತ ಕೋಡ್‌ನಲ್ಲಿ ಮಧ್ಯದಲ್ಲಿಯೇ ನಿಲ್ಲಿಸುವ ಷರತ್ತು ಇದೆಯೇ ಎಂದು ನೋಡುವುದು ಅಗತ್ಯ.

ಗುರುತು ಇದ್ದಾಗಲೂ ಬಬಲ್ ಸಾರ್ಟ್ ಮತ್ತು ಇನ್ಸರ್ಶನ್ ಸಾರ್ಟ್ ಸಮಾನವಲ್ಲ. ಬೈಲಹೊಂಗಲ, ರಾಮದುರ್ಗ, ಸವದತ್ತಿ, ಕಿತ್ತೂರು ಎಂಬ ಪಟ್ಟಿಯಲ್ಲಿ ಕಿತ್ತೂರು ಮಾತ್ರ ತಪ್ಪು ಸ್ಥಾನದಲ್ಲಿದೆ. ಇನ್ಸರ್ಶನ್ ಸಾರ್ಟ್ ಇದನ್ನು 1 + 1 + 3, ಅಂದರೆ 5 ಹೋಲಿಕೆಗಳಲ್ಲಿ ಮುಗಿಸುತ್ತದೆ. ದೊಡ್ಡ ಅಂಶಗಳನ್ನು ಬಲಕ್ಕೆ ತಳ್ಳುವ ಬಬಲ್ ಸಾರ್ಟ್‌ನಲ್ಲಿ ಕಿತ್ತೂರು ಪ್ರತಿ ಸುತ್ತಿಗೆ ಒಂದೇ ಹೆಜ್ಜೆ ಎಡಕ್ಕೆ ಬರುವುದರಿಂದ ಎಲ್ಲ ಸುತ್ತುಗಳೂ ನಡೆದು 6 ಹೋಲಿಕೆಗಳಾಗುತ್ತವೆ. ಇದೇ ಬಗೆಯ 10,000 ಹೆಸರುಗಳ ಪಟ್ಟಿಯಲ್ಲಿ ಇನ್ಸರ್ಶನ್ ಸಾರ್ಟ್‌ಗೆ 19,997 ಹೋಲಿಕೆಗಳು ಸಾಕಾದರೆ, ಬಬಲ್ ಸಾರ್ಟ್‌ಗೆ ಪೂರ್ಣ 4,99,95,000 ಹೋಲಿಕೆಗಳು ಬೇಕು.

ಟೋನಿ ಹೋರ್ 1961ರಲ್ಲಿ ಪ್ರಕಟಿಸಿದ ಕ್ವಿಕ್ ಸಾರ್ಟ್‌ನಲ್ಲಿ ಪರಿಸ್ಥಿತಿ ತಿರುವುಮುರುವಾಗಬಲ್ಲದು. ಮೊದಲ ಅಂಶವನ್ನೇ ವಿಭಜಕವಾಗಿ ಆರಿಸುವ ಸರಳ ರೂಪಕ್ಕೆ ಕಿತ್ತೂರು, ಬೈಲಹೊಂಗಲ, ರಾಮದುರ್ಗ, ಸವದತ್ತಿ ಎಂಬ ಕ್ರಮಬದ್ಧ ಪಟ್ಟಿಯನ್ನು ಕೊಟ್ಟರೆ, ಕಿತ್ತೂರಿನ ಎಡಕ್ಕೆ ಯಾವ ಹೆಸರೂ ಉಳಿಯದೆ ಬಲಕ್ಕೆ ಮೂರೂ ಉಳಿಯುತ್ತವೆ. ಮುಂದಿನ ಹಂತಗಳಲ್ಲಿಯೂ ಇದೇ ಪುನರಾವರ್ತನೆಯಾಗಿ 3 + 2 + 1 = 6 ಹೋಲಿಕೆಗಳಾಗುತ್ತವೆ. ಇನ್ಸರ್ಶನ್ ಸಾರ್ಟ್‌ಗೆ ಅತ್ಯುತ್ತಮವಾಗಿದ್ದ ಪಟ್ಟಿಯೇ ಇಲ್ಲಿ ಅತಿ ಕೆಟ್ಟದ್ದಾಗಿದೆ. ಕ್ವಿಕ್ ಸಾರ್ಟ್‌ಗೆ O(n log n) ಎಂಬ ಉತ್ತರವನ್ನು ಸಂದರ್ಭವಿಲ್ಲದೆ ಬರೆಯುವುದು ಹೆಚ್ಚು ರೂಢಿಯಲ್ಲಿದೆ. ಅದು ಅತ್ಯುತ್ತಮ ಮತ್ತು ಸರಾಸರಿ ಸಂದರ್ಭಗಳ ಉತ್ತರ. ಅತಿ ಕೆಟ್ಟ ಸಂದರ್ಭದ ಉತ್ತರವಲ್ಲ.

## ಪ್ರಯೋಗಾಲಯದ ಅಳತೆ

ಬೆಳಗಾವಿಯಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಗಣಕ ವಿಜ್ಞಾನ ಪಠ್ಯಕ್ರಮದಲ್ಲಿ ಕ್ರಮವಿಧಿಗಳ ವಿನ್ಯಾಸ ಮತ್ತು ವಿಶ್ಲೇಷಣೆಯು ಒಂದು ವಿಷಯವಾಗಿದೆ. ಅದರ ಪ್ರಯೋಗಗಳಲ್ಲಿ n ನ ಬೆಲೆಯನ್ನು 5,000ಕ್ಕಿಂತ ಮೇಲೆ ಬದಲಾಯಿಸುತ್ತ ಕ್ವಿಕ್ ಸಾರ್ಟ್ ಮತ್ತು ಮರ್ಜ್ ಸಾರ್ಟ್‌ಗಳ ಸಮಯವನ್ನು ದಾಖಲಿಸಿ ನಕ್ಷೆ ಬರೆಯುವ ಕೆಲಸವೂ ಸೇರಿದೆ. ಇಂತಹ ಪ್ರಯೋಗದಲ್ಲಿ ಅಂಶಗಳನ್ನು ಯಾದೃಚ್ಛಿಕವಾಗಿ ಸೃಷ್ಟಿಸಿದರೆ ದೊರೆಯುವ ನಕ್ಷೆಯು ಸರಾಸರಿ ಸಂದರ್ಭವನ್ನು ತೋರಿಸುತ್ತದೆ. ಅದನ್ನು ಅತಿ ಕೆಟ್ಟ ಸಂದರ್ಭವೆಂದು ವರದಿ ಮಾಡಲಾಗದು. ಅತಿ ಕೆಟ್ಟ ಸಂದರ್ಭವನ್ನು ನೋಡಬೇಕಾದರೆ ಆಯಾ ವಿಧಾನಕ್ಕೆ ಪ್ರತಿಕೂಲವಾದ ಪಟ್ಟಿಯನ್ನು ಉದ್ದೇಶಪೂರ್ವಕವಾಗಿ ರಚಿಸಬೇಕಾಗುತ್ತದೆ: ಇನ್ಸರ್ಶನ್ ಸಾರ್ಟ್‌ಗೆ ಇಳಿಕೆಯ ಕ್ರಮದ್ದು, ಮೊದಲ ಅಂಶವನ್ನು ವಿಭಜಕವಾಗಿ ಆರಿಸುವ ಕ್ವಿಕ್ ಸಾರ್ಟ್‌ಗೆ ಏರಿಕೆಯ ಕ್ರಮದ್ದು.

ಅಳೆದದ್ದು ಯಾವ ಬೆಳವಣಿಗೆ ಎಂಬುದನ್ನು n ಅನ್ನು ಇಮ್ಮಡಿಗೊಳಿಸಿ ತಿಳಿಯಬಹುದು. 5,000ದಿಂದ 10,000ಕ್ಕೆ ಏರಿಸಿದಾಗ ಸಮಯವು ಸುಮಾರು ಎರಡು ಪಟ್ಟಾದರೆ ಬೆಳವಣಿಗೆ ರೇಖೀಯ. ಸುಮಾರು ನಾಲ್ಕು ಪಟ್ಟಾದರೆ ವರ್ಗದ ಪ್ರಮಾಣದ್ದು. n log n ಆದರೆ ಎರಡಕ್ಕಿಂತ ಸ್ವಲ್ಪ ಮೇಲಿರುತ್ತದೆ. ಗಡಿಯಾರದ ಸಮಯವು ಯಂತ್ರದಲ್ಲಿ ನಡೆಯುತ್ತಿರುವ ಬೇರೆ ಕೆಲಸಗಳಿಂದಲೂ ಏರುಪೇರಾಗುವುದರಿಂದ, ಕೋಡ್‌ನಲ್ಲಿ ಎಣಿಕೆಯ ಚರವೊಂದನ್ನು ಇರಿಸಿ ಹೋಲಿಕೆಗಳನ್ನೇ ಎಣಿಸುವುದು ಹೆಚ್ಚು ನಂಬಲರ್ಹ ಫಲಿತಾಂಶವನ್ನು ನೀಡುತ್ತದೆ.

ಅಳತೆಯಲ್ಲಿ ಹಲವು ಬಾರಿ ಗಮನಕ್ಕೆ ಬಾರದ ಒಂದು ದೋಷವಿದೆ. ಒಂದೇ ಪಟ್ಟಿಯ ಮೇಲೆ ಕ್ರಮವಿಧಿಯನ್ನು ಎರಡು ಸಲ ನಡೆಸಿದರೆ, ಎರಡನೆಯ ಸಲ ಅದು ಈಗಾಗಲೇ ವಿಂಗಡಿಸಲ್ಪಟ್ಟ ಪಟ್ಟಿಯನ್ನು ಪಡೆಯುತ್ತದೆ. ಮೇಲಿನ ಕೋಡ್ ಮೂಲ ಪಟ್ಟಿಯನ್ನೇ ಮಾರ್ಪಡಿಸುವುದರಿಂದ, ಸರಾಸರಿ ತೆಗೆಯಲೆಂದು ಹತ್ತು ಸಲ ನಡೆಸಿದರೆ ಒಂಬತ್ತು ಸಲ ಅತ್ಯುತ್ತಮ ಸಂದರ್ಭವೇ ಅಳತೆಗೊಳ್ಳುತ್ತದೆ. ಮೊದಲ ಅಳತೆ ದೊಡ್ಡದಾಗಿದ್ದು ಉಳಿದವೆಲ್ಲ ತೀರ ಚಿಕ್ಕದಾಗಿರುವುದು ಇದರ ಲಕ್ಷಣ. ಪ್ರತಿ ಸಲವೂ ಮೂಲ ಪಟ್ಟಿಯ ಹೊಸ ಪ್ರತಿಯನ್ನು ನೀಡುವುದರಿಂದ ಇದು ಸರಿಹೋಗುತ್ತದೆ.

## ಅತಿ ಕೆಟ್ಟ ಸಂದರ್ಭ ಎದುರಾಗುವ ಬಗೆ

ತಲೆಕೆಳಗಾದ ಪಟ್ಟಿಯು ಪುಸ್ತಕದಲ್ಲಿ ಮಾತ್ರ ಇರುವಂಥದ್ದಲ್ಲ. ಹೊಸ ದಾಖಲೆಯನ್ನು ಮೇಲೆ ಮತ್ತು ಹಳೆಯದನ್ನು ಕೆಳಗೆ ತೋರಿಸುವ ಪಟ್ಟಿಗಳು ಬಹಳ ಸಾಮಾನ್ಯ. ಇಂತಹ ಪಟ್ಟಿಯನ್ನು ಹಳೆಯದರಿಂದ ಹೊಸದಕ್ಕೆ ವಿಂಗಡಿಸಲು ಇನ್ಸರ್ಶನ್ ಸಾರ್ಟ್ ಬಳಸಿದರೆ ನಿಖರವಾಗಿ ಅತಿ ಕೆಟ್ಟ ಸಂದರ್ಭವೇ ಉಂಟಾಗುತ್ತದೆ. ಅಂಕಗಳ ಇಳಿಕೆಯ ಕ್ರಮದಲ್ಲಿರುವ ಫಲಿತಾಂಶ ಪಟ್ಟಿಯನ್ನು ಏರಿಕೆಯ ಕ್ರಮಕ್ಕೆ ತರುವಾಗಲೂ ಹೀಗೆಯೇ ಆಗುತ್ತದೆ. ಬರಲಿರುವ ಪಟ್ಟಿಯ ಕ್ರಮವು ಮುಂಚಿತವಾಗಿ ತಿಳಿಯದಿರುವಾಗ ಭರವಸೆ ನೀಡಬಲ್ಲ ಅಳತೆ ಅತಿ ಕೆಟ್ಟ ಸಂದರ್ಭದ್ದು ಮಾತ್ರ; ಸಂದರ್ಭವನ್ನು ಹೆಸರಿಸದಿದ್ದಾಗ ಅದನ್ನೇ ತಿಳಿಯಬೇಕೆಂಬ ರೂಢಿಗೆ ಇದೇ ಆಧಾರ.

## ಅತ್ಯುತ್ತಮ ಸಂದರ್ಭದ ಉಪಯೋಗ

ಪಟ್ಟಿಯು ಬಹುಮಟ್ಟಿಗೆ ಕ್ರಮದಲ್ಲಿದೆ ಎಂಬುದು ಮುಂಚಿತವಾಗಿ ತಿಳಿದಿರುವಾಗ ಅತ್ಯುತ್ತಮ ಸಂದರ್ಭದ ಲೆಕ್ಕಕ್ಕೆ ಬೆಲೆ ಬರುತ್ತದೆ. ಇನ್ಸರ್ಶನ್ ಸಾರ್ಟ್‌ನಲ್ಲಿ ಸರಿಸುವಿಕೆಯ ಸಂಖ್ಯೆಯು ಪಟ್ಟಿಯಲ್ಲಿ ತಲೆಕೆಳಗಾಗಿರುವ ಜೋಡಿಗಳ ಸಂಖ್ಯೆಗೆ ಸರಿಯಾಗಿ ಸಮ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂಬ ಮೊದಲ ಪಟ್ಟಿಯಲ್ಲಿ ಬೈಲಹೊಂಗಲ–ಕಿತ್ತೂರು ಹಾಗೂ ಸವದತ್ತಿ–ರಾಮದುರ್ಗ ಎಂಬ ಎರಡು ಜೋಡಿಗಳು ತಲೆಕೆಳಗಾಗಿದ್ದವು. ಸರಿಸುವಿಕೆಯೂ ಎರಡೇ ಬಾರಿ ನಡೆಯಿತು. ಇಂತಹ ಜೋಡಿಗಳು ಕಡಿಮೆಯಿದ್ದಷ್ಟೂ ಕೆಲಸ n ಗೆ ಹತ್ತಿರವಾಗುತ್ತದೆ.

ಟಿಮ್ ಪೀಟರ್ಸ್ 2002ರಲ್ಲಿ ಪೈಥಾನ್‌ಗಾಗಿ ರೂಪಿಸಿದ ಟಿಮ್‌ಸಾರ್ಟ್ ಈ ಗುಣವನ್ನು ಬಳಸಿಕೊಳ್ಳುತ್ತದೆ. ಅದು ಪಟ್ಟಿಯಲ್ಲಿ ಈಗಾಗಲೇ ಕ್ರಮದಲ್ಲಿರುವ ತುಣುಕುಗಳನ್ನು ಗುರುತಿಸಿ, ತೀರ ಚಿಕ್ಕ ತುಣುಕುಗಳನ್ನು ಬೈನರಿ ಸರ್ಚ್ ಸಹಿತವಾದ ಇನ್ಸರ್ಶನ್ ಸಾರ್ಟ್ ಮೂಲಕ ಬೆಳೆಸಿ, ಅನಂತರ ಅವುಗಳನ್ನು ಒಂದರೊಡನೊಂದು ಸೇರಿಸುತ್ತದೆ. ಇನ್ಸರ್ಶನ್ ಸಾರ್ಟ್ ಅನ್ನು ಚಿಕ್ಕ ತುಣುಕುಗಳಿಗೆ ಸೀಮಿತಗೊಳಿಸಿರುವುದರಿಂದ ಅದರ ವರ್ಗ ಪ್ರಮಾಣದ ಬೆಳವಣಿಗೆಯು ಪೂರ್ಣ ಪಟ್ಟಿಗೆ ತಟ್ಟುವುದಿಲ್ಲ. ಟಿಮ್‌ಸಾರ್ಟ್‌ನ ಅತ್ಯುತ್ತಮ ಸಂದರ್ಭ Θ(n), ಅತಿ ಕೆಟ್ಟ ಸಂದರ್ಭ Θ(n log n) ಆಗಿವೆ.